ಜಾಮೀನು ಪತ್ರದ ಏಳನೇ ಷರತ್ತು: ಬಿಡಿಸಿ ಬರೆದದ್ದು, ಬೀಗ ಹಾಕಿ ಬಿಟ್ಟದ್ದು

ಶಿವಮೊಗ್ಗದಲ್ಲಿ ನಾನು ಕೆಲಸ ಮಾಡುವ ವಕೀಲರ ಕಚೇರಿಗೆ ಸಾಲ ಕೊಡುವ ಒಂದು ಸಂಸ್ಥೆ ತನ್ನ ಜಾಮೀನು ಪತ್ರ ಕಳಿಸಿತ್ತು. ತೀರ್ಥಹಳ್ಳಿ, ಹೊಸನಗರ ಕಡೆಯ ಅಡಿಕೆ ವ್ಯಾಪಾರಿಗಳಿಗೆ ಅವರು ಸಾಲದ ಮಿತಿ ಕೊಡುತ್ತಾರೆ. ವ್ಯಾಪಾರಿ ಸೀಸನ್‌ನಲ್ಲಿ ದುಡ್ಡು ತೆಗೆಯುತ್ತಾನೆ, ಮಾಲು ಮಾರಿ ಕಟ್ಟುತ್ತಾನೆ, ಮುಂದಿನ ಸೀಸನ್‌ಗೆ ಮತ್ತೆ ತೆಗೆಯುತ್ತಾನೆ. ಜಾಮೀನು ಹಾಕುವವರು ನೆಂಟರೋ ಪಕ್ಕದ ತೋಟದವರೋ ಆಗಿರುತ್ತಾರೆ. ಅವರಿಗೆ ಓದಿದರೆ ಅರ್ಥ ಆಗಬೇಕು, ಆದರೆ ಪತ್ರದ ಬಲ ಒಂದು ಕೂದಲಿನಷ್ಟೂ ಬದಲಾಗಬಾರದು. ಇದು ಸಂಸ್ಥೆ ಕೇಳಿದ ಕೆಲಸ. ಪತ್ರದಲ್ಲಿ ಉಳಿದದ್ದೆಲ್ಲ ಸುಲಭವಾಗಿಯೇ ಇತ್ತು. ಏಳನೇ ಷರತ್ತು ಮಾತ್ರ ಒಂದೇ ಉಸಿರಿನ ವಾಕ್ಯ. ಅದನ್ನು ಇದ್ದ ಹಾಗೇ ಕೊಡುತ್ತೇನೆ:

"ಸದರಿ ಜಾಮೀನುದಾರರಾದ ನಾವು, ಸದರಿ ಸಾಲಗಾರರು ಸಂಸ್ಥೆಯಿಂದ ಈಗಾಗಲೇ ಪಡೆದಿರುವ ಅಥವಾ ಇನ್ನು ಮುಂದೆ ಕಾಲಕಾಲಕ್ಕೆ ಪಡೆಯಬಹುದಾದ ಸಾಲದ ಬಾಕಿಯನ್ನು, ಗರಿಷ್ಠ ಅಸಲು ರೂ. 6,00,000ಕ್ಕೆ ಮೀರದಂತೆ ಹಾಗೂ ಅದರ ಮೇಲಿನ ಬಡ್ಡಿ ಮತ್ತು ವಸೂಲಿ ವೆಚ್ಚ ಸಹಿತವಾಗಿ, ಸಂಸ್ಥೆಯು ಲಿಖಿತವಾಗಿ ಕೇಳಿದ ಮೇರೆಗೆ ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ ಪಾವತಿಸತಕ್ಕದ್ದೆಂದೂ, ಸದರಿ ಜಾಮೀನು ನಿರಂತರ ಜಾಮೀನಾಗಿರತಕ್ಕದ್ದೆಂದೂ, ಸಂಸ್ಥೆಯು ನಮ್ಮ ಒಪ್ಪಿಗೆ ಪಡೆಯದೆ ಸಾಲಗಾರರಿಗೆ ಕಾಲಾವಕಾಶ ನೀಡಿದರೂ, ಸಾಲದ ಷರತ್ತುಗಳನ್ನು ಮಾರ್ಪಡಿಸಿದರೂ, ಆಧಾರವಾಗಿ ಪಡೆದ ಸ್ವತ್ತನ್ನು ಬಿಟ್ಟುಕೊಟ್ಟರೂ ನಮ್ಮ ಹೊಣೆ ಬಿಡುಗಡೆಯಾಗತಕ್ಕದ್ದಲ್ಲವೆಂದೂ, ತತ್ಸಂಬಂಧ ಭಾರತೀಯ ಕರಾರು ಕಾಯ್ದೆ, 1872ರ 133, 134, 135, 139 ಮತ್ತು 141ನೇ ಕಲಂಗಳಡಿ ನಮಗೆ ಲಭ್ಯವಿರುವ ಹಕ್ಕುಗಳನ್ನು ಈ ಮೂಲಕ ಬಿಟ್ಟುಕೊಟ್ಟಿರುತ್ತೇವೆಂದೂ ಒಪ್ಪಿ ಬರೆದುಕೊಟ್ಟಿರುತ್ತೇವೆ."

ಬರೆಯುವ ಮುಂಚಿನ ಕೆಲಸ ಕಂಪ್ಯೂಟರಿನದು. ಫೈಲು ಹಳೆಯ ನುಡಿ ಫಾಂಟಿನಲ್ಲಿತ್ತು. ಅದನ್ನು ಬೇರೆ ಕಡೆ ಪೇಸ್ಟ್ ಮಾಡಿದರೆ ಬರೀ ಇಂಗ್ಲಿಷ್ ಅಕ್ಷರಗಳ ಗೊಂದಲ ಕಾಣುತ್ತದೆ, ಹಾಗಾಗಿ ಯೂನಿಕೋಡ್‌ಗೆ ಬದಲಿಸಲೇಬೇಕು. ಬದಲಿಸುವಾಗ ಅರ್ಕಾವೊತ್ತು ಇರುವ ಪದಗಳ ಮೇಲೆ ಕಣ್ಣಿಡಬೇಕು. ಇಲ್ಲಿ 'ಮಾರ್ಪಡಿಸಿದರೂ' ಅಂಥ ಪದ. ಒತ್ತು ಪಕ್ಕದ ಅಕ್ಷರಕ್ಕೆ ಜಾರಿದರೆ ಪದವೇ ಕೆಡುತ್ತದೆ. ಅದಕ್ಕೇ ಸಹೋದ್ಯೋಗಿಯೊಬ್ಬರು ಅಚ್ಚಾದ ಪ್ರತಿ ಹಿಡಿದು ಗಟ್ಟಿಯಾಗಿ ಓದಿದರು, ನಾನು ಪರದೆ ನೋಡುತ್ತಾ ಹೋದೆ. ಅಂಕಿಗಳನ್ನು ಒಂದೊಂದಾಗಿ ಓದಿದೆವು: ಒಂದು-ಮೂರು-ಮೂರು, ಒಂದು-ಮೂರು-ನಾಲ್ಕು. ಕಲಂ ನಂಬರಿನಲ್ಲಿ ಒಂದು ಅಂಕಿ ತಪ್ಪಿದರೆ ಬೇರೆಯದೇ ಹಕ್ಕು ಹೋಗುತ್ತದೆ, ಅಲ್ವಾ? ಹೀಗೆ ತಾಳೆ ನೋಡಿದ ಪ್ರತಿಯನ್ನು 'ಮೂಲ' ಅಂತ ಹೆಸರಿಟ್ಟು ಬೇರೆ ಇಟ್ಟೆ. ಅದನ್ನು ಮತ್ತೆ ಯಾರೂ ಮುಟ್ಟುವ ಹಾಗಿಲ್ಲ.

ಆಮೇಲೆ ವಾಕ್ಯವನ್ನು ಕತ್ತರಿಸಿದೆ. ಈ ಥರದ ಕಾನೂನು ಕನ್ನಡದಲ್ಲಿ ಕತ್ತರಿ ಹಾಕುವ ಜಾಗ ತಾನಾಗೇ ಕಾಣುತ್ತದೆ: ಪ್ರತಿ 'ಎಂದೂ' ಒಂದು ಹೊಸ ಮಾತು. ಇಲ್ಲಿ ನಾಲ್ಕು 'ಎಂದೂ' ಇವೆ. ಕಟ್ಟುವ ಹೊಣೆ, ಜಾಮೀನಿನ ಬಗೆ, ಏನಾದರೂ ಹೊಣೆ ತಪ್ಪದು ಅನ್ನುವುದು, ಹಕ್ಕು ಬಿಟ್ಟುಕೊಡುವುದು. ಮೊದಲನೆಯದರ ಹೊಟ್ಟೆಯಲ್ಲೇ ಇನ್ನೂ ಮೂರು ಮಾತು ತುಂಬಿವೆ: ಯಾವ ಸಾಲ, ಎಷ್ಟು ಹಣ, ಯಾವಾಗ.

ಪ್ರತಿಯೊಂದು ತುಂಡಿನ ಮೇಲೂ ಬಣ್ಣ ಹಚ್ಚಿದೆ. ಹಸಿರು ಅಂದರೆ ಧಾರಾಳವಾಗಿ ಬದಲಿಸಬಹುದು. ಹಳದಿ ಅಂದರೆ ಅರ್ಥ ಅದೇ ಇರಬೇಕು, ಮಾತು ಬದಲಾದರೆ ವಕೀಲರು ನೋಡಬೇಕು. ಕೆಂಪು ಅಂದರೆ ಬೀಗ. ಅಕ್ಷರ, ಅಲ್ಪವಿರಾಮ ಸಹಿತ ಹಾಗೇ ಉಳಿಯಬೇಕು. ಬಣ್ಣ ನಿರ್ಧರಿಸಲು ನಾನು ಕೇಳಿಕೊಂಡ ಪ್ರಶ್ನೆ ಒಂದೇ: ಈ ಪದ ತೆಗೆದು ಅದರ ಸಾದಾ ಅರ್ಥ ಹಾಕಿದರೆ ಯಾರ ಜೇಬಿಗಾದರೂ ವ್ಯತ್ಯಾಸ ಆಗುತ್ತದಾ?

'ಸದರಿ' ಮೂರು ಕಡೆಯೂ ಹಸಿರು. ಸಾಲಗಾರರು ಯಾರು, ಜಾಮೀನುದಾರರು ಯಾರು ಅಂತ ಪತ್ರದ ಮೊದಲ ಪುಟದಲ್ಲೇ ಹೆಸರು ಸಮೇತ ಇದೆ. 'ಒಪ್ಪಿ ಬರೆದುಕೊಟ್ಟಿರುತ್ತೇವೆ' ಕೂಡ ಹಸಿರು, ಸಹಿಯ ಮೇಲಿನ ಸಾಲಿನಲ್ಲಿ ಅದೇ ಮಾತು ಇದೆ. 'ಪಾವತಿಸತಕ್ಕದ್ದು' ಹಳದಿ. 'ತಕ್ಕದ್ದು' ಅಂದರೆ ಕಡ್ಡಾಯ. ಅದನ್ನು 'ಕಟ್ಟಬೇಕಾಗಬಹುದು' ಅಂತ ಮೆತ್ತಗೆ ಮಾಡಿದರೆ ಓದಲು ಚೆನ್ನ, ಆದರೆ ಹೊಣೆಯೇ ಸಡಿಲ ಆಗುತ್ತದೆ. 'ಕಟ್ಟಲೇಬೇಕು' ಅಂತ ಬರೆದರೆ ಸರಿ ಕೂರುತ್ತದೆ. 'ಸಾಲಗಾರರು' ಅನ್ನುವುದನ್ನು ಒಂದು ಕಡೆ ಹಾಗೆ, ಇನ್ನೊಂದು ಕಡೆ 'ಸಾಲ ಪಡೆದವರು' ಅಂತ ಬರೆಯಲಿಲ್ಲ. ಕತೆಯಲ್ಲಿ ಪದ ಬದಲಿಸುತ್ತಾ ಹೋದರೆ ಚಂದ. ಕರಾರಿನಲ್ಲಿ ಎರಡು ಪದ ಇದ್ದರೆ ಎರಡು ಬೇರೆ ಜನ ಇದ್ದಾರೇನೋ ಅಂತ ವಾದ ಹುಟ್ಟುತ್ತದೆ.

ಈಗ ಕೆಂಪಿನ ವಿಷಯ. ಜಾಸ್ತಿ ಹೊತ್ತು ಹೋಗಿದ್ದು ಇಲ್ಲೇ.

'ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ' ಅನ್ನುವುದನ್ನು ಸುಲಭ ಮಾಡಲು ಹೊರಟವರು ಸಾಮಾನ್ಯವಾಗಿ 'ನಾವೆಲ್ಲರೂ ಸೇರಿ' ಅಂತ ಬರೆಯುತ್ತಾರೆ. ಅಲ್ಲಿಗೆ ಅರ್ಧ ಅರ್ಥ ಹೋಯಿತು. ಲೆಕ್ಕ ಹಾಕಿ ನೋಡೋಣ. ಇಬ್ಬರು ಜಾಮೀನುದಾರರಿದ್ದಾರೆ. ಅಸಲು ಬಾಕಿ 4,20,000, ಬಡ್ಡಿ 58,000, ವಸೂಲಿ ವೆಚ್ಚ 12,000, ಒಟ್ಟು 4,90,000 ರೂಪಾಯಿ. 'ಸೇರಿ' ಅಂದರೆ ತಲಾ 2,45,000 ಅಂತ ಯಾರಾದರೂ ತಿಳಿಯುತ್ತಾರೆ. 'ಪ್ರತ್ಯೇಕವಾಗಿ' ಅನ್ನುವ ಪದ ಇರುವುದರಿಂದ ಸಂಸ್ಥೆ ಒಬ್ಬರ ಹತ್ತಿರವೇ ಪೂರ್ತಿ 4,90,000 ಕೇಳಬಹುದು. ಅದೂ ಸಾಲಗಾರರ ಮೇಲೆ ಮೊದಲು ದಾವೆ ಹೂಡಿ ಮುಗಿಸಬೇಕು ಅಂತಲೂ ಇಲ್ಲ. ಜಾಮೀನುದಾರರ ಹೊಣೆ ಸಾಲಗಾರರ ಹೊಣೆಯಷ್ಟೇ ಅಂತ ಕರಾರು ಕಾಯ್ದೆಯ 128ನೇ ಕಲಂ ಹೇಳುತ್ತದೆ. ಸಾಲಗಾರರಿಂದ ವಸೂಲಿ ಮಾಡಿ ಮುಗಿಯುವವರೆಗೆ ಕಾಯಿರಿ ಎಂದು ಸಾಲ ಕೊಟ್ಟವರಿಗೆ ಹೇಳಲಾಗದು ಅಂತ ಸುಪ್ರೀಂ ಕೋರ್ಟ್ 1968ರಲ್ಲಿ ಬ್ಯಾಂಕ್ ಆಫ್ ಬಿಹಾರ್ ಪ್ರಕರಣದಲ್ಲಿ ಸ್ಪಷ್ಟ ಮಾಡಿದೆ. ಹಾಗಾಗಿ ಈ ಮೂರು ಪದಕ್ಕೆ ಬೀಗ. ಹೊಸ ಪತ್ರದಲ್ಲಿ ಎಡಗಡೆ ಷರತ್ತು, ಬಲಗಡೆ ವಿವರಣೆ ಅಂತ ಎರಡು ಅಂಕಣ ಮಾಡಿದ್ದೆ; ಅರ್ಥವನ್ನು ಬಲ ಅಂಕಣದಲ್ಲಿ, ಇದೇ ಲೆಕ್ಕದ ಜೊತೆ ಬರೆದೆ.

'ಲಿಖಿತವಾಗಿ ಕೇಳಿದ ಮೇರೆಗೆ' ನೋಡಲು ಸಾಧು ಪದ. ಇದನ್ನು 'ಸಾಲಗಾರರು ಕಟ್ಟದಿದ್ದರೆ' ಅಂತ ಮಾಡಿದರೆ ಸಹಜವಾಗಿ ಓದಿಸಿಕೊಳ್ಳುತ್ತದೆ. ಆದರೆ ದಾವೆಯ ಕಾಲಮಿತಿ ಇದರ ಮೇಲೆ ನಿಂತಿದೆ. ಕೇಳಿದಾಗ ಕೊಡುತ್ತೇವೆ ಅಂತ ಬರೆದ ಜಾಮೀನಿನಲ್ಲಿ ಮೂರು ವರ್ಷದ ಎಣಿಕೆ ಶುರುವಾಗುವುದು ಸಂಸ್ಥೆ ಕೇಳಿ, ಜಾಮೀನುದಾರರು ಕೊಡದೆ ಇದ್ದಾಗ. 2006ರ ಸಿಂಡಿಕೇಟ್ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಹೊಣೆ ಯಾವಾಗ ಶುರು ಅನ್ನುವುದು ಜಾಮೀನು ಪತ್ರದ ಮಾತಿನ ಮೇಲೆ ಹೋಗುತ್ತದೆ. ಹಾಗಂತ ಸತ್ತ ಸಾಲಕ್ಕೆ ಕೇಳಿಕೆ ಕಳಿಸಿ ಜೀವ ತುಂಬಲಾಗದು, ಕೇಳುವಾಗ ಸಾಲ ಕಾಲಮಿತಿಯೊಳಗೇ ಇರಬೇಕು. 'ಕಟ್ಟದಿದ್ದರೆ' ಅಂತ ಬದಲಿಸಿದರೆ ಕಂತು ತಪ್ಪಿದ ದಿನದಿಂದಲೇ ಎಣಿಕೆ ಶುರು ಅಂತ ವಾದಿಸಬಹುದು. ಇನ್ನೊಂದು ಕಡೆಯಿಂದ ನೋಡಿ: 'ಲಿಖಿತವಾಗಿ' ಅನ್ನುವ ಪದ ಜಾಮೀನುದಾರರ ಕಡೆಗಿದೆ. ಫೋನಿನಲ್ಲಿ ಕೇಳಿದ್ದೇವೆ ಅಂತ ಸಂಸ್ಥೆ ಹೇಳುವಂತಿಲ್ಲ. ಬೀಗ ಎರಡೂ ಪಕ್ಷಕ್ಕೆ ಬೇಕು.

'ನಿರಂತರ ಜಾಮೀನು' 129ನೇ ಕಲಮಿನ ಮಾತು. ಒಂದು ಸಲದ ಸಾಲಕ್ಕಲ್ಲ, ಸಾಲಾಗಿ ನಡೆಯುವ ವ್ಯವಹಾರಕ್ಕೆ ಹಾಕುವ ಜಾಮೀನು. ಈ ವರ್ಷ ವ್ಯಾಪಾರಿ ಪೂರ್ತಿ ಕಟ್ಟಿ ಲೆಕ್ಕ ಸೊನ್ನೆ ಮಾಡಿದರೂ ಮುಂದಿನ ಸೀಸನ್‌ಗೆ ತೆಗೆದ ಸಾಲಕ್ಕೆ ಅದೇ ಸಹಿ ನಡೆಯುತ್ತದೆ. ಮಲೆನಾಡಿನ ಅಡಿಕೆ ವ್ಯವಹಾರದಲ್ಲಿ ಜನ ಎಡವುವುದು ಇಲ್ಲೇ ಅಂತ ನನಗೆ ಅನ್ನಿಸುತ್ತದೆ. "ಸಾಲ ತೀರ್ತಲ್ಲ, ನಮ್ಮ ಜಾಮೀನೂ ತೀರ್ತು" ಅನ್ನುವ ನಂಬಿಕೆ ಬಹಳ ಗಟ್ಟಿ. ಪದಕ್ಕೆ ಬೀಗ ಹಾಕಿ, ಪಕ್ಕದಲ್ಲಿ ಈ ಸೀಸನ್ ಲೆಕ್ಕವನ್ನೇ ಬಿಡಿಸಿ ಬರೆದೆ.

ಹಣದ ಸಾಲಿಗೆ ಪೂರ್ತಿ ಬೀಗ. 'ಗರಿಷ್ಠ' ಅನ್ನುವ ಪದ 'ಅಸಲು' ಅನ್ನುವುದಕ್ಕೆ ಮಾತ್ರ ಕಟ್ಟಿದೆ. 'ಗರಿಷ್ಠ ಹೊಣೆ ಆರು ಲಕ್ಷ' ಅಂತ ಸುಲಭ ಮಾಡಿದರೆ ಬಡ್ಡಿಯೂ ಅದರೊಳಗೆ ಬಂದಂತಾಗಿ ಸಂಸ್ಥೆಗೆ ನಷ್ಟ. ಹಾಗೇ ಬಿಟ್ಟು ವಿವರಣೆ ಕೊಡದಿದ್ದರೆ ಓದುವವರು ಆರು ಲಕ್ಷವೇ ಕೊನೆ ಅಂದುಕೊಳ್ಳುತ್ತಾರೆ. ಆರು ಲಕ್ಷ ಅಸಲಿಗೆ ವರ್ಷಕ್ಕೆ ಶೇ. 12 ಬಡ್ಡಿ ಹಿಡಿದರೆ ಒಂದು ವರ್ಷಕ್ಕೆ 72,000. ಅಲ್ಲಿಗೇ 6,72,000 ಆಯಿತು, ವೆಚ್ಚ ಬೇರೆ.

ಕಲಂಗಳ ಪಟ್ಟಿಯಲ್ಲಿ ನನಗೆ ತುಂಬ ಮುಖ್ಯ ಅನ್ನಿಸಿದ್ದು ಒಂದಿದೆ. ಐದು ನಂಬರುಗಳನ್ನು ನೋಡಿದ ಕೂಡಲೇ 'ಕಾನೂನಿನಲ್ಲಿ ನಮಗಿರುವ ಎಲ್ಲ ಹಕ್ಕುಗಳನ್ನೂ ಬಿಟ್ಟಿದ್ದೇವೆ' ಅಂತ ಬರೆಯುವ ಆಸೆ ಹುಟ್ಟುತ್ತದೆ. ಎಷ್ಟು ಸರಳ! ಆದರೆ ಪಟ್ಟಿಯಲ್ಲಿ ಇಲ್ಲದ ಕಲಂಗಳೂ ಇವೆ. 130ನೇ ಕಲಂ ಇಲ್ಲ. ಅಂದರೆ ಸಂಸ್ಥೆಗೆ ನೋಟೀಸ್ ಕೊಟ್ಟು ಮುಂದಿನ ವ್ಯವಹಾರಗಳಿಗೆ ನನ್ನ ಜಾಮೀನು ಸಾಕು ಅಂತ ನಿಲ್ಲಿಸುವ ಹಕ್ಕನ್ನು ಈ ಷರತ್ತು ಮುಟ್ಟಿಲ್ಲ. ಆವರೆಗಿನ ಬಾಕಿಯ ಹೊಣೆ ಮಾತ್ರ ಉಳಿಯುತ್ತದೆ. 140 ಇಲ್ಲ; ಪೂರ್ತಿ ಕಟ್ಟಿದವರಿಗೆ ಸಾಲಗಾರರ ವಿರುದ್ಧ ಸಂಸ್ಥೆಗಿದ್ದ ಹಕ್ಕುಗಳು ಬರುತ್ತವೆ. 145 ಇಲ್ಲ, ನ್ಯಾಯವಾಗಿ ಕಟ್ಟಿದ ಹಣವನ್ನು ಸಾಲಗಾರರಿಂದ ವಾಪಸು ಕೇಳಬಹುದು. 146 ಇಲ್ಲ, ಮೇಲಿನ ಲೆಕ್ಕದಲ್ಲಿ 4,90,000 ಕಟ್ಟಿದವರು ಇನ್ನೊಬ್ಬ ಜಾಮೀನುದಾರರಿಂದ ಅವರ ಪಾಲು 2,45,000 ಕೇಳಬಹುದು. 'ಎಲ್ಲ ಹಕ್ಕು' ಅನ್ನುವ ಒಂದು ಸುಲಭ ಮಾತು ಇಷ್ಟನ್ನೂ ನುಂಗಿಬಿಡುತ್ತಿತ್ತು. ಸರಳ ಮಾಡುವವರು ಕಣ್ಣಿಗೆ ಕಾಣುವ ಮಾತನ್ನು ಮಾತ್ರ ನೋಡಿದರೆ ಸಾಲದು, ಮಾತಿನಲ್ಲಿ ಸೇರಿಸದೇ ಬಿಟ್ಟದ್ದನ್ನೂ ಕಾಯಬೇಕು. ಪಟ್ಟಿಗೆ ಬೀಗ, 'ಬಿಟ್ಟುಕೊಟ್ಟಿರುತ್ತೇವೆ' ಅನ್ನುವುದಕ್ಕೂ ಬೀಗ.

ಇಷ್ಟಾದ ಮೇಲೆ ಬರೆಯುವುದು ಬೇಗ ಮುಗಿಯಿತು. ಎಡ ಅಂಕಣದ ಪಠ್ಯ ಹೀಗೆ ಬಂತು. ಚೌಕ ಕಂಸದಲ್ಲಿರುವುದು ಬೀಗ ಹಾಕಿದ ಮಾತು:

7.1 ಸಾಲಗಾರರು ಸಂಸ್ಥೆಯಿಂದ ಈಗಾಗಲೇ ಪಡೆದಿರುವ ಸಾಲಕ್ಕೂ, ಮುಂದೆ ಕಾಲಕಾಲಕ್ಕೆ ಪಡೆಯಬಹುದಾದ ಸಾಲಕ್ಕೂ ನಾವು ಜಾಮೀನು ನಿಂತಿದ್ದೇವೆ.

7.2 ಈ ಜಾಮೀನು [ನಿರಂತರ ಜಾಮೀನು] ಆಗಿರುತ್ತದೆ.

7.3 ನಮ್ಮ ಹೊಣೆ [ಗರಿಷ್ಠ ಅಸಲು ರೂ. 6,00,000ಕ್ಕೆ ಮೀರದಂತೆ ಹಾಗೂ ಅದರ ಮೇಲಿನ ಬಡ್ಡಿ ಮತ್ತು ವಸೂಲಿ ವೆಚ್ಚ ಸಹಿತವಾಗಿ] ಇರುತ್ತದೆ.

7.4 ಸಂಸ್ಥೆಯು [ಲಿಖಿತವಾಗಿ ಕೇಳಿದ ಮೇರೆಗೆ] ಈ ಬಾಕಿಯನ್ನು ನಾವು [ಜಂಟಿಯಾಗಿ ಮತ್ತು ಪ್ರತ್ಯೇಕವಾಗಿ] ಕಟ್ಟಲೇಬೇಕು.

7.5 ನಮ್ಮ ಒಪ್ಪಿಗೆ ಪಡೆಯದೆ ಸಂಸ್ಥೆ ಸಾಲಗಾರರಿಗೆ ಕಾಲಾವಕಾಶ ಕೊಟ್ಟರೂ, ಸಾಲದ ಷರತ್ತುಗಳನ್ನು ಬದಲಿಸಿದರೂ, ಆಧಾರವಾಗಿ ಪಡೆದ ಸ್ವತ್ತನ್ನು ಬಿಟ್ಟುಕೊಟ್ಟರೂ ನಮ್ಮ ಹೊಣೆ ತಪ್ಪುವುದಿಲ್ಲ.

7.6 [ತತ್ಸಂಬಂಧ ಭಾರತೀಯ ಕರಾರು ಕಾಯ್ದೆ, 1872ರ 133, 134, 135, 139 ಮತ್ತು 141ನೇ ಕಲಂಗಳಡಿ ನಮಗೆ ಲಭ್ಯವಿರುವ ಹಕ್ಕುಗಳನ್ನು ಈ ಮೂಲಕ ಬಿಟ್ಟುಕೊಟ್ಟಿರುತ್ತೇವೆ].

ಬಲ ಅಂಕಣದಲ್ಲಿ ವಿವರಣೆ. ಅದರ ತಲೆಯಲ್ಲೇ ಒಂದು ಸಾಲು: 'ಇದು ಅರ್ಥಕ್ಕೆ ಮಾತ್ರ, ಸಹಿ ಎಡಗಡೆಯ ಪಠ್ಯಕ್ಕೆ.' ಈ ಸಾಲು ಇಲ್ಲದಿದ್ದರೆ ವಿವರಣೆಯೂ ಕರಾರಿನ ಭಾಗ ಅಂತ ನಾಳೆ ವಾದ ಬರಬಹುದು. ಆದರೆ ಆ ಸಾಲು ಇದೆ ಅಂತ ವಿವರಣೆಯಲ್ಲಿ ಏನು ಬೇಕಾದರೂ ಬರೆಯುವ ಹಾಗಿಲ್ಲ. ಎರಡೂ ಅಂಕಣ ಬೇರೆ ಬೇರೆ ಹೇಳಿದರೆ ಗೊಂದಲದ ಲಾಭ ಪತ್ರ ತಯಾರಿಸಿದವರಿಗೆ ಸಿಗುವುದು ಕಷ್ಟ. ಸಂದೇಹದ ಮಾತನ್ನು ಬರೆದವರ ವಿರುದ್ಧವೇ ಓದುವ ಪದ್ಧತಿ ಕೋರ್ಟುಗಳಲ್ಲಿ ಇದೆ.

ಪರೀಕ್ಷೆಗೆ ರಿಪ್ಪನ್‌ಪೇಟೆ ಕಡೆಯ ಚಿಕ್ಕಪ್ಪನನ್ನು ಕೂರಿಸಿದೆ. ಐದು ಎಕರೆ ತೋಟ ನೋಡಿಕೊಳ್ಳುವವರು, ಇಂಥ ಪತ್ರಕ್ಕೆ ಯಾವತ್ತೂ ಸಹಿ ಹಾಕಿದವರಲ್ಲ. 'ಅರ್ಥ ಆಯ್ತಾ' ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ, ಆ ಪ್ರಶ್ನೆಯಿಂದ ಏನೂ ಗೊತ್ತಾಗುವುದಿಲ್ಲ. ಅದಕ್ಕೆ ಲೆಕ್ಕ ಕೇಳಿದೆ. ಮೊದಲು ಎಡ ಅಂಕಣ ಮಾತ್ರ ತೋರಿಸಿ, 4,90,000 ಬಾಕಿ ಇದೆ, ನಿಮಗೊಬ್ಬರಿಗೇ ನೋಟೀಸ್ ಬಂತು, ಎಷ್ಟು ಕಟ್ಟುತ್ತೀರಿ ಅಂದೆ.

"ಇಬ್ಬರು ಸಹಿ ಹಾಕಿದ್ರೆ ಅರ್ಧರ್ಧ ಅಲ್ವನೇ?" ಅಂದರು.

ಬಲ ಅಂಕಣ ತೋರಿಸಿದೆ. ಕನ್ನಡಕ ಸರಿ ಮಾಡಿಕೊಂಡು ಬೆರಳಿಟ್ಟು ಓದಿದರು. "ಎಂತ ಮಾರಾಯ್ತಿ ಇದು, ಪೂರ್ತಿ ನಾನೇ ಕಟ್ಟಿ, ಆಮೇಲೆ ಅವನ ಹತ್ರ ಪಾಲು ಕೇಳ್ಬೇಕಾ?"

"ಹೌದು ಚಿಕ್ಕಪ್ಪ."

"ಹಂಗಿದ್ರೆ ಇನ್ನೊಬ್ಬ ಯಾರು ಅಂತ ನೋಡೇ ಸಹಿ ಹಾಕ್ಬೇಕು."

ಬೀಗ ಹಾಕಿದ ಮಾತು ತಾನಾಗಿ ಅರ್ಥ ಆಗುವುದಿಲ್ಲ, ಪಕ್ಕದ ಲೆಕ್ಕ ಓದಿದ ಮೇಲೆ ಆಗುತ್ತದೆ ಅನ್ನುವುದು ಇಲ್ಲಿ ಗೊತ್ತಾಯಿತು. ಹಾಗಾಗಿ ಎರಡು ಅಂಕಣಗಳನ್ನು ಬೇರೆ ಬೇರೆ ಹಾಳೆಯಲ್ಲಿ ಅಚ್ಚು ಹಾಕಬಾರದು ಅಂತ ಸಂಸ್ಥೆಗೆ ಬರೆದೆವು. ಸೀಸನ್ ಪ್ರಶ್ನೆಗೆ ಚಿಕ್ಕಪ್ಪ ಸರಿ ಉತ್ತರ ಹೇಳಿದರು. ಆದರೆ ಜಾಮೀನು ನಿಲ್ಲಿಸುವುದು ಹೇಗೆ ಅಂತ ಅವರೇ ಕೇಳಿದರು. 130ನೇ ಕಲಮಿನ ನೋಟೀಸ್ ಬಗ್ಗೆ ವಿವರಣೆಯಲ್ಲಿ ಇದ್ದದ್ದು ಒಂದೇ ಸಾಲು, ಅದೂ 7.6ರ ಪಕ್ಕದಲ್ಲಿ. ಅದನ್ನು 7.2ರ ಪಕ್ಕಕ್ಕೆ ತಂದು, ನೋಟೀಸ್ ಬರಹದಲ್ಲಿ ಕೊಟ್ಟು ಸ್ವೀಕೃತಿ ಇಟ್ಟುಕೊಳ್ಳಿ ಅಂತ ಸೇರಿಸಿದೆ.

ಕೊನೆಗೆ ಬೀಗಗಳ ತಾಳೆ. 'ಮೂಲ' ಫೈಲಿನಿಂದ ಬೀಗದ ಮಾತುಗಳನ್ನು ಒಂದೊಂದಾಗಿ ಕಾಪಿ ಮಾಡಿ ಹೊಸ ಪತ್ರದಲ್ಲಿ `Ctrl+F` ಒತ್ತಿ ಹುಡುಕಿದೆ. ಕೈಯಲ್ಲಿ ಟೈಪ್ ಮಾಡಿ ಹುಡುಕಿದರೆ ಉಪಯೋಗವಿಲ್ಲ. ನಾವು ಟೈಪ್ ಮಾಡಿದ ಹಾಗೆ ಅದು ಸಿಗುತ್ತದೆ, ಮೂಲದಲ್ಲಿ ಹೇಗಿದೆ ಅನ್ನುವುದು ಗೊತ್ತಾಗುವುದಿಲ್ಲ. ಪದಗಳ ಮಧ್ಯೆ ಸ್ಪೇಸ್ ಎರಡು ಸಲ ಬಿದ್ದಿದ್ದರೂ, ಕಣ್ಣಿಗೆ ಕಾಣದ ಜೋಡಣೆ ಚಿಹ್ನೆ ಸೇರಿದ್ದರೂ ಹುಡುಕಾಟ ಸೋಲುತ್ತದೆ. ಸೋತರೆ ಒಳ್ಳೆಯದೇ, ಅಲ್ಲಿ ನಿಂತು ನೋಡುತ್ತೇವೆ. 7.2ರಲ್ಲಿ ಮೂಲದ 'ಜಾಮೀನಾಗಿರತಕ್ಕದ್ದು' ಅನ್ನುವ ಸಂಧಿಯನ್ನೂ, 7.6ರ ಕೊನೆಯಲ್ಲಿ 'ಎಂದೂ' ಸೇರಿದ ಸಂಧಿಯನ್ನೂ ಬಿಡಿಸಿದ್ದರಿಂದ ಅವೆರಡು ಸಿಗಲಿಲ್ಲ. ಸಂಧಿ ಬಿಡಿಸಿದ ರೂಪಗಳನ್ನು ವಕೀಲರು ನೋಡಿ ಪಕ್ಕದಲ್ಲಿ ಸಹಿ ಮಾಡಿದರು.

ವಕೀಲರ ಓದಿನಲ್ಲಿ ಎದ್ದ ನಿಜವಾದ ತಕರಾರು 'ತತ್ಸಂಬಂಧ' ಅನ್ನುವ ಪದದ್ದು. ನಾನು ಅದಕ್ಕೆ ಹಚ್ಚಿದ್ದು ಹಳದಿ, 'ಈ ವಿಷಯದಲ್ಲಿ' ಅಂತ ಬದಲಿಸುವ ಯೋಚನೆ ಇತ್ತು. ಅವರು ಕಲಂಗಳನ್ನು 7.5ರ ಮೂರು ಕೆಲಸಗಳ ಜೊತೆ ಇಟ್ಟು ನೋಡಲು ಹೇಳಿದರು. ಷರತ್ತು ಬದಲಿಸುವುದು 133ಕ್ಕೆ, ಕಾಲಾವಕಾಶ 135ಕ್ಕೆ, ಆಧಾರ ಬಿಡುವುದು 141ಕ್ಕೆ ಹೊಂದುತ್ತದೆ. 134 ಹೇಳುವುದು ಸಾಲಗಾರರನ್ನೇ ಹೊಣೆಯಿಂದ ಬಿಡುಗಡೆ ಮಾಡುವ ಬಗ್ಗೆ. ಆ ಕೆಲಸ 7.5ರಲ್ಲಿ ಇಲ್ಲವೇ ಇಲ್ಲ. ಹಾಗಾದರೆ 'ತತ್ಸಂಬಂಧ' ಬಿಟ್ಟುಕೊಡುವಿಕೆಯನ್ನು ಆ ಮೂರು ಕೆಲಸಗಳಿಗೆ ಮಾತ್ರ ಕಟ್ಟುತ್ತದಾ, ಅಥವಾ ಸುಮ್ನೆ ಕೂತಿರುವ ಪದವಾ? ಮೊದಲನೆಯದಾದರೆ, ಸಂಸ್ಥೆ ಸಾಲಗಾರರನ್ನು ಬಿಟ್ಟರೆ ಜಾಮೀನುದಾರರೂ ಬಿಡುಗಡೆ ಅಂತ ವಾದಿಸಲು ಜಾಗ ಇದೆ. ಎರಡನೆಯದಾದರೆ ಇಲ್ಲ. ಸರಳ ಕನ್ನಡದಲ್ಲಿ ಬರೆಯಲು ಹೊರಟರೆ ಎರಡರಲ್ಲಿ ಒಂದನ್ನು ನಾವೇ ಆರಿಸಿದಂತಾಗುತ್ತದೆ. ಅದು ನಮ್ಮ ಕೆಲಸ ಅಲ್ಲ.

ಹಳದಿಯನ್ನು ಕೆಂಪು ಮಾಡಿದೆ. 7.6ರ ಪಕ್ಕದ ವಿವರಣೆಯಲ್ಲಿ, ಸಾಲಗಾರರನ್ನು ಹೊಣೆಯಿಂದ ಬಿಟ್ಟರೂ ನಿಮ್ಮನ್ನು ಕೇಳಬಹುದು ಅಂತ ಸಂಸ್ಥೆ ವಾದಿಸುವ ಸಾಧ್ಯತೆ ಇದೆ ಎಂದು ನೇರವಾಗಿ ಬರೆದೆ. ಸಹಿ ಹಾಕುವವರು ಕೆಟ್ಟ ಸಾಧ್ಯತೆಯನ್ನು ತಿಳಿದೇ ಹಾಕಲಿ. ಸಂಸ್ಥೆಗೆ ಪ್ರಶ್ನೆ ಬರಹದಲ್ಲಿ ಹೋಗಿದೆ: ಮೂರು ಕೆಲಸಕ್ಕೆ ಮಾತ್ರ ಅಂತಾದರೆ 134 ತೆಗೆಯಿರಿ, ಅಲ್ಲ ಅಂತಾದರೆ ನಾಲ್ಕನೇ ಕೆಲಸವನ್ನು 7.5ರಲ್ಲಿ ಬಾಯಿಬಿಟ್ಟು ಬರೆಯಿರಿ. ಉತ್ತರವೂ ಬರಹದಲ್ಲೇ ಬರಬೇಕು ಅಂತ ಕೇಳಿದ್ದೇವೆ. ಅದು ಬರುವವರೆಗೆ ಹೊಸ ನಮೂನೆಯ ಮೇಲೆ 'ಕರಡು' ಅನ್ನುವ ಮುದ್ರೆ ಇರುತ್ತದೆ, ಯಾರೂ ಅದಕ್ಕೆ ಸಹಿ ಹಾಕುವ ಹಾಗಿಲ್ಲ.